ಸೆಕೆಂಡಿಗೆ 80 ಮೀಟರ್ ಕಡಿಮೆಯಾದಾಗ

2022ರ ಆಗಸ್ಟ್ 7, ಭಾನುವಾರ ಬೆಳಿಗ್ಗೆ. ಇಸ್ರೋದ ಹೊಸ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಸಲ ಶ್ರೀಹರಿಕೋಟದಿಂದ ಮೇಲೆದ್ದಿತು. ಅದರಲ್ಲಿದ್ದದ್ದು ಎರಡು ಉಪಗ್ರಹಗಳು: ಸುಮಾರು 135 ಕಿಲೋ ತೂಕದ ಇಒಎಸ್-02, ಮತ್ತು ದೇಶದ 75 ಶಾಲೆಗಳ ಹುಡುಗಿಯರು ಕೈಜೋಡಿಸಿದ್ದ ಎಂಟು ಕಿಲೋದ ಆಜಾದಿಸ್ಯಾಟ್. ಎರಡೂ ರಾಕೆಟ್ಟಿನಿಂದ ಬೇರ್ಪಟ್ಟವು. ಆದರೂ ಕೆಲಸಕ್ಕೆ ಬರಲಿಲ್ಲ. 356 ಕಿಲೋಮೀಟರ್ ಎತ್ತರದ ದುಂಡನೆಯ ಕಕ್ಷೆಯಲ್ಲಿ ಸುತ್ತಬೇಕಿದ್ದವು, ಒಂದು ಕಡೆ 356 ಕಿಲೋಮೀಟರ್ ಎತ್ತರದಲ್ಲಿದ್ದು ಇನ್ನೊಂದು ಕಡೆ 76ಕ್ಕೆ ಇಳಿಯುವ ದಾರಿ ಹಿಡಿದಿದ್ದವು. ಎತ್ತರಕ್ಕೇನೂ ಕೊರತೆ ಇರಲಿಲ್ಲ, ಕೊರತೆ ಬಿದ್ದದ್ದು ವೇಗಕ್ಕೆ.

ಎಷ್ಟು ವೇಗ ಬೇಕಿತ್ತು? ಈ ಲೆಕ್ಕ ನಾವೇ ಹಾಕಬಹುದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವರು ಕವಣೆ ಬೀಸುವುದನ್ನು ನೋಡಿದ್ದೀರಲ್ಲ. ಕಲ್ಲು ಸುತ್ತುತ್ತಿರುವಷ್ಟು ಹೊತ್ತೂ ಕವಣೆಯ ಹಗ್ಗ ಅದನ್ನು ಕೈಯ ಕಡೆಗೆ ಎಳೆಯುತ್ತಲೇ ಇರಬೇಕು. ಆ ಎಳೆತಕ್ಕೆ ಕೇಂದ್ರಾಭಿಮುಖ ಬಲ ಎಂದು ಹೆಸರು. ಹಗ್ಗದ ಒಂದು ತುದಿ ಬಿಟ್ಟರೆ ಕಲ್ಲು ನೇರವಾಗಿ ಹಾರಿಹೋಗುತ್ತದೆ. m ದ್ರವ್ಯರಾಶಿಯ ವಸ್ತು r ತ್ರಿಜ್ಯದ ವೃತ್ತದಲ್ಲಿ v ವೇಗದಿಂದ ಸುತ್ತಲು ಬೇಕಾದ ಬಲ mv²/r. ಉಪಗ್ರಹಕ್ಕೆ ಹಗ್ಗವಿಲ್ಲ, ಅದನ್ನು ಎಳೆಯುವುದು ಭೂಮಿಯ ಗುರುತ್ವ ಮಾತ್ರ. ಅಲ್ಲಿನ ಗುರುತ್ವ ವೇಗೋತ್ಕರ್ಷ g ಆದರೆ ಆ ಎಳೆತ mg. ಸುತ್ತಲು ಬೇಕಾದ ಬಲವೂ ಸಿಗುವ ಬಲವೂ ಸರಿಸಮವಾದಾಗ ಕಕ್ಷೆ ದುಂಡಾಗುತ್ತದೆ:

mv²/r = mg, ಅಂದರೆ v = √(gr)

ಎರಡೂ ಕಡೆ ಇದ್ದ m ಹೊರಟುಹೋಯಿತು ನೋಡಿ. 135 ಕಿಲೋದ ಉಪಗ್ರಹಕ್ಕೂ ಎಂಟು ಕಿಲೋದ ಡಬ್ಬಿಗೂ ಬೇಕಾದ ವೇಗ ಒಂದೇ.

ಇನ್ನು ಅಂಕಿಗಳನ್ನು ಹಾಕೋಣ. r ಅಳೆಯಬೇಕಾದದ್ದು ನೆಲದಿಂದಲ್ಲ, ಭೂಮಿಯ ಕೇಂದ್ರದಿಂದ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಭೂಮಿಯ ತ್ರಿಜ್ಯ 6371 ಕಿಲೋಮೀಟರ್, ಅದಕ್ಕೆ 356 ಸೇರಿಸಿದರೆ 6727. ಕೇಂದ್ರದಿಂದ ಲೆಕ್ಕ ಹಿಡಿದರೆ ಉಪಗ್ರಹ ಹೆಚ್ಚೇನೂ ದೂರ ಹೋಗಿಲ್ಲ, ಹಾಗಾಗಿ g ಕೂಡ ನೆಲದ ಮೇಲಿನ 9.8ರಿಂದ 8.79ಕ್ಕಷ್ಟೇ ಇಳಿದಿರುತ್ತದೆ. ಅಂತರಿಕ್ಷದಲ್ಲಿ ಗುರುತ್ವವೇ ಇಲ್ಲ ಎನ್ನುವ ಮಾತು ಈ ಎತ್ತರಕ್ಕೆ ಶುದ್ಧ ತಪ್ಪು. 8.79ನ್ನು 67,27,000 ಮೀಟರಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 7690 ಮೀಟರ್. ಈ ವೇಗದಲ್ಲಿ ಭೂಮಿಗೆ ಒಂದು ಸುತ್ತು ಬರಲು ಹೆಚ್ಚುಕಡಿಮೆ 92 ನಿಮಿಷ ಸಾಕು.

ಇದರ ಅರ್ಥವನ್ನು ಹೀಗೂ ನೋಡಬಹುದು. ಒಂದು ಸೆಕೆಂಡಿನಲ್ಲಿ ಉಪಗ್ರಹ 7690 ಮೀಟರ್ ಮುಂದೆ ಹೋಗುತ್ತದೆ, ಅಷ್ಟರಲ್ಲಿ 4.4 ಮೀಟರ್ ಕೆಳಕ್ಕೂ ಬೀಳುತ್ತದೆ. ದುಂಡಗಿನ ಭೂಮಿಯ ಮೈ ಕೂಡ ಅಷ್ಟು ದೂರದಲ್ಲಿ ಹೆಚ್ಚುಕಡಿಮೆ ಅಷ್ಟೇ ಬಾಗಿರುತ್ತದೆ. ಬೀಳುತ್ತಲೇ ಇದ್ದರೂ ನೆಲ ಹತ್ತಿರವಾಗುವುದೇ ಇಲ್ಲ.

ಆ ದಿನ ಸಿಕ್ಕ ಕಕ್ಷೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ, 356 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳ ವೇಗ ಸುಮಾರು 7610 ಮೀಟರ್ ಎಂದು ತಿಳಿಯುತ್ತದೆ. ಕೊರತೆ ಸೆಕೆಂಡಿಗೆ 80 ಮೀಟರ್, ನೂರಕ್ಕೆ ಒಂದರಷ್ಟು. ಈ ಕಡಿಮೆ ವೇಗದಲ್ಲಿ ಅದೇ ವೃತ್ತದಲ್ಲಿ ಸುತ್ತಲು 8.61ರ ವೇಗೋತ್ಕರ್ಷ ಸಾಕು, ಗುರುತ್ವ ಕೊಡುವುದು 8.79. ಆ ಚಿಕ್ಕ ಹೆಚ್ಚುವರಿ ಎಳೆತ ದಾರಿಯನ್ನು ಒಳಕ್ಕೆ ಬಾಗಿಸುತ್ತದೆ, ಉಪಗ್ರಹ ಇಳಿಯತೊಡಗುತ್ತದೆ. ಇಳಿದಂತೆ ವೇಗ ಏರುತ್ತದೆ. ಮುಕ್ಕಾಲು ಗಂಟೆಯೊಳಗೆ ಭೂಮಿಯ ಆಚೆ ಬದಿಗೆ, 76 ಕಿಲೋಮೀಟರ್ ಎತ್ತರಕ್ಕೆ ಬರುವ ಹೊತ್ತಿಗೆ ಸೆಕೆಂಡಿಗೆ 7900 ಮೀಟರ್ ದಾಟಬೇಕು. ಗಾಳಿ ಇಲ್ಲದಿದ್ದರೆ ಆ ವೇಗವೇ ಅದನ್ನು ಮತ್ತೆ 356ಕ್ಕೆ ಎತ್ತಿಕೊಂಡು ಹೋಗುತ್ತಿತ್ತು. ಆದರೆ ಅಷ್ಟು ಕೆಳಗೆ ಗಾಳಿ ಇದೆ. ನಮಗೆ ಅದು ಬಲು ತೆಳು, ಆ ವೇಗಕ್ಕೆ ಮಾತ್ರ ಗೋಡೆ. ನಮ್ಮ ಸೂತ್ರದಲ್ಲಿ ಗಾಳಿಗೆ ಜಾಗವೇ ಇಲ್ಲ. ನೆಲಕ್ಕೆ ಅಂಟಿಕೊಂಡಂತೆ ಸುತ್ತಲು 7.9 ಕಿಲೋಮೀಟರ್ ವೇಗ ಸಾಕೆಂದು ಸೂತ್ರ ಹೇಳಿದರೂ ಯಾರೂ ಹಾಗೆ ಸುತ್ತಿಸಲಾರರು.

ಕೊರತೆ ಬಂದದ್ದು ಹೇಗೆ? ಎರಡನೆಯ ಹಂತ ಕಳಚಿಕೊಳ್ಳುವಾಗ ಎದ್ದ ಕಂಪನ, ವೇಗೋತ್ಕರ್ಷ ಅಳೆಯುವ ಸಂವೇದಕಗಳ ಮಿತಿಯನ್ನು ಕ್ಷಣಕಾಲ ಮೀರಿತು. ಸಂವೇದಕಗಳೇ ಕೆಟ್ಟಿವೆ ಎಂದು ತೀರ್ಮಾನಿಸಿದ ಕಂಪ್ಯೂಟರ್ ತುರ್ತು ಕ್ರಮಕ್ಕೆ ಜಾರಿತು. ಕೊನೆಯಲ್ಲಿ ವೇಗವನ್ನು ಸರಿಹೊಂದಿಸಲೆಂದೇ ಇಟ್ಟಿದ್ದ ಪುಟ್ಟ ಎಂಜಿನ್ ಹಂತ ಉರಿಯಲೇ ಇಲ್ಲ.

2023ರ ಫೆಬ್ರುವರಿ 10ರಂದು ಎರಡನೆಯ ಎಸ್‌ಎಸ್‌ಎಲ್‌ವಿ ಹಾರಿತು. ಈ ಸಲದ ಗುರಿ 450 ಕಿಲೋಮೀಟರ್. ಎತ್ತರ ಹೆಚ್ಚಿದಂತೆ ಬೇಕಾದ ವೇಗ ತುಸು ಇಳಿಯುತ್ತದೆ, ಇಲ್ಲಿಗೆ ಸೆಕೆಂಡಿಗೆ ಸುಮಾರು 7640 ಮೀಟರ್. ಅಷ್ಟು ಸಿಕ್ಕಿತು. ಅದರಲ್ಲಿದ್ದ ಮೂರು ಉಪಗ್ರಹಗಳಲ್ಲಿ ಒಂದು, ಹುಡುಗಿಯರ ಎರಡನೆಯ ಆಜಾದಿಸ್ಯಾಟ್.