ಸೋಮವಾರದ ಖಾಲಿ ಸೀಟಿಗೆ ತಿಂಗಳ ಬಾಡಿಗೆ

ತಿಂಗಳಿಗೆ 699 ರೂಪಾಯಿ, ಹತ್ತು ಸಿನಿಮಾ. ಒಂದು ಸಿನಿಮಾಕ್ಕೆ ಎಪ್ಪತ್ತು ರೂಪಾಯಿಯೂ ಬೀಳುವುದಿಲ್ಲ. ಮಲ್ಟಿಪ್ಲೆಕ್ಸ್‌ನಲ್ಲಿ ಆ ದುಡ್ಡಿಗೆ ಒಂದು ಕಾಫಿ ಸಿಕ್ಕರೆ ಹೆಚ್ಚು. 2023ರ ಅಕ್ಟೋಬರ್‌ನಲ್ಲಿ ಪಿವಿಆರ್ ಐನಾಕ್ಸ್ ‘ಪಾಸ್‌ಪೋರ್ಟ್’ ಎಂಬ ಹೆಸರಿನಲ್ಲಿ ಈ ಮಾಸಿಕ ಪಾಸ್ ಬಿಟ್ಟಾಗ ಸಿನಿಮಾ ಹುಚ್ಚಿನವರೆಲ್ಲ ಕಿವಿ ನಿಮಿರಿಸಿದ್ದು ಸಹಜವೇ. ಆದರೆ ಪಾಸಿನ ಜೊತೆಗೇ ಷರತ್ತುಗಳೂ ಬಂದವು. ಸೋಮವಾರದಿಂದ ಗುರುವಾರದವರೆಗೆ ಮಾತ್ರ ಅದು ನಡೆಯುತ್ತಿತ್ತು. ಐಮ್ಯಾಕ್ಸ್, ಗೋಲ್ಡ್, ಲಕ್ಸ್, ಡೈರೆಕ್ಟರ್ಸ್ ಕಟ್ ಪರದೆಗಳಿಗೆ ನಡೆಯುತ್ತಿರಲಿಲ್ಲ. ಒಂದು ತಿಂಗಳಿಗೆ ಕೊಳ್ಳುವಂತಿರಲಿಲ್ಲ, ಕನಿಷ್ಠ ಮೂರು ತಿಂಗಳು. ಪಾಸು ಒಬ್ಬರ ಹೆಸರಿನಲ್ಲಿರುತ್ತಿತ್ತು, ಒಳಗೆ ಹೋಗುವಾಗ ಗುರುತಿನ ಚೀಟಿ ತೋರಿಸಬೇಕಿತ್ತು.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂದು ಗೊಣಗುವ ಮುಂಚೆ ಚಿತ್ರಮಂದಿರದವರ ಲೆಕ್ಕದ ಪುಸ್ತಕವನ್ನೊಮ್ಮೆ ನೋಡಬೇಕು. ನಮ್ಮಲ್ಲಿ ಸಿನಿಮಾ ಬಿಡುಗಡೆಯಾಗುವುದು ಸಾಮಾನ್ಯವಾಗಿ ಶುಕ್ರವಾರ. ಶುಕ್ರ, ಶನಿ, ಭಾನುವಾರದ ಕಲೆಕ್ಷನ್ನೇ ಸಿನಿಮಾದ ಹಣೆಬರಹ. ಸೋಮವಾರ ಬೆಳಗಿನ ಆಟಕ್ಕೆ ಬಂದರೆ ಇನ್ನೂರೈವತ್ತು ಸೀಟಿನ ಹಾಲ್‌ನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿರುತ್ತಾರೆ. ಎಸಿ ಓಡಲೇಬೇಕು, ಪ್ರೊಜೆಕ್ಟರ್ ಉರಿಯಲೇಬೇಕು, ಸಿಬ್ಬಂದಿಗೆ ಸಂಬಳ ಕೊಡಲೇಬೇಕು. ಸೀಟು ಖಾಲಿ ಇದ್ದರೂ ಖರ್ಚು ಅಷ್ಟೇ. ಆ ಸೀಟಿನಲ್ಲಿ ಯಾರಾದರೂ ಬಂದು ಕೂತು ಒಂದು ಪಾಪ್‌ಕಾರ್ನ್ ಕೊಂಡರೂ ಲಾಭವೇ. ಪಾಸು ಹುಟ್ಟಿದ್ದು ಇಲ್ಲಿ. ಅವರು ಮಾರುತ್ತಿರುವುದು ಹತ್ತು ಸಿನಿಮಾಗಳನ್ನಲ್ಲ, ಹೇಗೂ ಖಾಲಿ ಬೀಳುತ್ತಿದ್ದ ಸೀಟುಗಳನ್ನು. ಶನಿವಾರದ ಸೀಟು ಪೂರ್ತಿ ಬೆಲೆಗೆ ಬಿಕರಿಯಾಗುವಾಗ ಅದನ್ನು ಎಪ್ಪತ್ತು ರೂಪಾಯಿಗೆ ಯಾರು ಕೊಡುತ್ತಾರೆ?

ಇನ್ನು ಕೋಟಾದ ಮಾತು. ಟಿಕೆಟ್ ದುಡ್ಡೆಲ್ಲ ಚಿತ್ರಮಂದಿರದ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುವುದಿಲ್ಲ ಎನ್ನುವುದು ಪ್ರೇಕ್ಷಕರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ದೊಡ್ಡ ಜಟಾಪಟಿಯಾಗಿ, ತಿಂಗಳುಗಟ್ಟಲೆ ಹೊಸ ಹಿಂದಿ ಚಿತ್ರಗಳೇ ಬರಲಿಲ್ಲ. ಕೊನೆಗೆ ಆದ ರಾಜಿಯಲ್ಲಿ ಒಂದು ಹಂಚಿಕೆ ನಿಗದಿಯಾಯಿತು: ತೆರಿಗೆ ಕಳೆದು ಉಳಿದ ಗಳಿಕೆಯಲ್ಲಿ ವಿತರಕರಿಗೆ ಮೊದಲ ವಾರ ಅರ್ಧ, ಎರಡನೇ ವಾರ ಶೇ. 42.5, ಮೂರನೇ ವಾರ ಶೇ. 37.5, ಆಮೇಲೆ ಶೇ. 30. ಒಪ್ಪಂದಗಳು ಸಿನಿಮಾದಿಂದ ಸಿನಿಮಾಕ್ಕೆ ಬದಲಾಗುತ್ತವೆ, ಆದರೆ ಮೊದಲ ವಾರದಲ್ಲಿ ಸುಮಾರು ಅರ್ಧ ಎನ್ನುವ ಅಂದಾಜು ಹಿಡಿದು ಮುಂದೆ ಹೋಗಬಹುದು.

ಒಂದು ಲೆಕ್ಕ ಹಾಕೋಣ. ಟಿಕೆಟ್ ಬೆಲೆ ಇನ್ನೂರು ರೂಪಾಯಿ ಅಂದುಕೊಳ್ಳಿ. ನೂರು ರೂಪಾಯಿ ಮೀರಿದ ಟಿಕೆಟ್‌ಗೆ ಜಿಎಸ್‌ಟಿ ಶೇ. 18. ಅದನ್ನು ಕಳೆದರೆ ಉಳಿಯುವುದು ಸುಮಾರು 170. ಅದರಲ್ಲಿ ಅರ್ಧ, ಅಂದರೆ 85 ರೂಪಾಯಿ ವಿತರಕರದ್ದು. ಪಾಸ್ ಇಟ್ಟುಕೊಂಡವರು ನೋಡಿದ ಪ್ರತಿ ಸಿನಿಮಾಕ್ಕೂ ಪೂರ್ಣ ಬೆಲೆಯ ಲೆಕ್ಕದಲ್ಲೇ ಪಾಲು ಕೊಡಬೇಕಾಗಿ ಬಂದರೆ, ನಾಲ್ಕು ಸಿನಿಮಾಕ್ಕೆ 340 ರೂಪಾಯಿ. 699ರಲ್ಲಿ ಚಿತ್ರಮಂದಿರಕ್ಕೆ ಇನ್ನೂ ಸಾಕಷ್ಟು ಉಳಿಯುತ್ತದೆ. ಎಂಟು ಸಿನಿಮಾ ನೋಡಿದರೆ 680, ಬಂದದ್ದು ಬಂದ ಹಾಗೇ ಹೋಯಿತು. ಒಂಬತ್ತನೆಯದಕ್ಕೆ ಕೈಯಿಂದ ಹಾಕಬೇಕು. ಪಾಸಿನ ದುಡ್ಡಿನ ಮೇಲಿನ ತೆರಿಗೆಯನ್ನು ಇಲ್ಲಿ ನಾನು ಹಿಡಿದೇ ಇಲ್ಲ. ಹಾಗಾಗಿ ಹತ್ತು ಎನ್ನುವುದು ಜಾಹೀರಾತಿನ ಸಂಖ್ಯೆ. ಬಹುಪಾಲು ಜನ ಅದರ ಅರ್ಧವನ್ನೂ ಮುಟ್ಟುವುದಿಲ್ಲ ಎನ್ನುವ ನಂಬಿಕೆಯ ಮೇಲೆ ಇಡೀ ವ್ಯವಹಾರ ನಿಂತಿದೆ. ಜಿಮ್‌ಗೆ ವರ್ಷದ ಚಂದಾ ಕಟ್ಟಿ ಫೆಬ್ರವರಿಗೇ ಬಿಡುವವರಿಂದ ಜಿಮ್ ನಡೆಯುವ ಹಾಗೆ.

ಪಾಪ್‌ಕಾರ್ನ್ ವಿಷಯವೂ ಇದರಲ್ಲಿ ಸೇರಿಕೊಂಡಿದೆ. ತಿಂಡಿ-ಪಾನೀಯದ ಮಾರಾಟದಲ್ಲಿ ವಿತರಕರಿಗೆ ಪಾಲಿಲ್ಲ. ಅದು ಪೂರ್ತಿ ಚಿತ್ರಮಂದಿರದ್ದೇ, ಲಾಭಾಂಶವೂ ಟಿಕೆಟ್‌ಗಿಂತ ಎಷ್ಟೋ ಹೆಚ್ಚು. ಟಿಕೆಟ್ ‘ಪುಕ್ಕಟೆ’ ಎನಿಸಿದಾಗ ಕೈ ತಾನಾಗಿ ಸಡಿಲವಾಗುತ್ತದೆ.

ಷರತ್ತುಗಳೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೂವಿಪಾಸ್ ಎಂಬ ಕಂಪನಿಯ ಕಥೆಯಿದೆ. ಅದಕ್ಕೆ ಸ್ವಂತ ಚಿತ್ರಮಂದಿರಗಳಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಅದು ತಿಂಗಳಿಗೆ 9.95 ಡಾಲರ್‌ಗೆ ದಿನಕ್ಕೊಂದು ಸಿನಿಮಾ ಎಂದು ಘೋಷಿಸಿತು. ಆಗ ಅಲ್ಲಿ ಒಂದು ಟಿಕೆಟ್‌ನ ಸರಾಸರಿ ಬೆಲೆಯೇ ಹತ್ತಿರಹತ್ತಿರ ಒಂಬತ್ತು ಡಾಲರ್. 3ಡಿ, ಐಮ್ಯಾಕ್ಸ್ ಮಾತ್ರ ಇಲ್ಲ, ವಾರದ ಎಲ್ಲ ದಿನವೂ ಸರಿ. ಸದಸ್ಯರು ಆ್ಯಪ್‌ನಲ್ಲಿ ಆಟವನ್ನು ಆರಿಸಿದರೆ ಅವರ ಕೈಯಲ್ಲಿದ್ದ ಡೆಬಿಟ್ ಕಾರ್ಡ್‌ಗೆ ಕಂಪನಿ ಟಿಕೆಟ್‌ನ ದುಡ್ಡು ಹಾಕುತ್ತಿತ್ತು, ಚಿತ್ರಮಂದಿರಕ್ಕೆ ಪೂರ್ಣ ಬೆಲೆ ಸೇರುತ್ತಿತ್ತು. ಅಂದರೆ ತಿಂಗಳಿಗೆ ಎರಡನೇ ಸಿನಿಮಾ ನೋಡಿದ ಸದಸ್ಯರೆಲ್ಲ ಕಂಪನಿಗೆ ನಷ್ಟ. ಖಾಲಿ ಸೀಟಿನ ಲಾಭವೂ ಅದಕ್ಕಿಲ್ಲ, ಪಾಪ್‌ಕಾರ್ನ್‌ನ ಲಾಭವೂ ಇಲ್ಲ.

ಮೂವತ್ತು ಲಕ್ಷ ಜನ ಸೇರಿದರು. 2018ರ ಜುಲೈ ಕೊನೆಯಲ್ಲಿ ಒಂದು ದಿನ ಟಿಕೆಟ್ ಕೊಳ್ಳಲು ದುಡ್ಡೇ ಇಲ್ಲದೆ ಆ್ಯಪ್ ಕೈಕೊಟ್ಟಿತು, ಕಂಪನಿ ಸಾಲ ಎತ್ತಿ ಮತ್ತೆ ಬಾಗಿಲು ತೆರೆಯಿತು. ಮುಂದಿನ ತಿಂಗಳೇ ದಿನಕ್ಕೊಂದು ಹೋಗಿ ತಿಂಗಳಿಗೆ ಮೂರು ಸಿನಿಮಾ ಎಂದಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಸೇವೆಯೇ ನಿಂತುಹೋಯಿತು. ಇದಕ್ಕಿಂತ ಕೆಟ್ಟ ಸಂಗತಿ ಆಮೇಲೆ ಹೊರಬಂತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ಆರೋಪದ ಪ್ರಕಾರ, ಅತಿ ಹೆಚ್ಚು ಸಿನಿಮಾ ನೋಡುತ್ತಿದ್ದ 75,000 ಸದಸ್ಯರ ಪಾಸ್‌ವರ್ಡ್‌ಗಳನ್ನು ‘ಅನುಮಾನಾಸ್ಪದ ಚಟುವಟಿಕೆ’ ಎಂಬ ನೆಪ ಹೇಳಿ ಕಂಪನಿಯೇ ರದ್ದು ಮಾಡಿತ್ತು. ಪಾಸನ್ನು ಚೆನ್ನಾಗಿ ಬಳಸುವ ಗಿರಾಕಿಯೇ ಶತ್ರುವಾಗುವ ವ್ಯವಹಾರವದು. ಷರತ್ತುಗಳನ್ನು ಮೊದಲೇ ಅಚ್ಚು ಹಾಕಿ ಕೊಡುವ ಪಾಸಿನ ಮೇಲೆ ನನಗೆ ಕೋಪ ಬರದಿರುವುದು ಈ ಕಾರಣಕ್ಕೆ.

ಹೊರಗಿಟ್ಟ ಪರದೆಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಐಮ್ಯಾಕ್ಸ್ ಪರದೆಗೆ ಆ ತಂತ್ರಜ್ಞಾನದ ಕಂಪನಿಯೂ ಪಾಲು ಕೇಳುತ್ತದೆ, ಗೋಲ್ಡ್ ಹಾಲ್‌ನಲ್ಲಿ ಸೀಟುಗಳೇ ಕೆಲವು. ಗಮನಿಸಬೇಕಾದದ್ದು ಬೇರೆ. ದೊಡ್ಡ ಚಿತ್ರ ಬಂದಾಗ ಒಂದೇ ಸಿನಿಮಾ ಒಂದೇ ಮಾಲ್‌ನಲ್ಲಿ ಮೂರ್ನಾಲ್ಕು ಬಗೆಯ ಪರದೆಯಲ್ಲಿ ಓಡುತ್ತದೆ. ಸಂಜೆ ಏಳರ ಆಟ ಐಮ್ಯಾಕ್ಸ್‌ನಲ್ಲಿ, ಸಾಧಾರಣ ಪರದೆಯ ಆಟ ರಾತ್ರಿ ಹತ್ತೂವರೆಗೆ ಎಂದಾದರೆ ಪಾಸು ಕೈಯಲ್ಲಿದ್ದೂ ಇಲ್ಲದಂತೆಯೇ. ನಿಮ್ಮ ಹತ್ತಿರದ ಮಾಲ್‌ನಲ್ಲಿ ಸಾಧಾರಣ ಪರದೆಗಳು ಎಷ್ಟಿವೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ದಿನಗಳ ಷರತ್ತು ಮಾತ್ರ ಸೂಕ್ಷ್ಮ. ಅದು ನೇರವಾಗಿ ಪೆಟ್ಟು ಕೊಡುವುದು ಸಣ್ಣ ಕನ್ನಡ ಚಿತ್ರಗಳ ಪ್ರೇಕ್ಷಕರಿಗೆ. ಹೊಸಬರ ಚಿತ್ರವೊಂದು ಶುಕ್ರವಾರ ನಾಲ್ಕು ಆಟದೊಂದಿಗೆ ತೆರೆಗೆ ಬರುತ್ತದೆ. ಭಾನುವಾರದ ಹೊತ್ತಿಗೆ ಜನ ಬರಲಿಲ್ಲವೆಂದರೆ ಸೋಮವಾರ ಉಳಿಯುವುದು ಒಂದೇ ಆಟ, ಅದೂ ಬೆಳಗಿನ ಹತ್ತು ಗಂಟೆಗೆ. ಪಾಸಿನ ಬಾಗಿಲು ತೆರೆಯುವುದು ಸೋಮವಾರ, ಸಿನಿಮಾ ಕಾಲು ಕೀಳುವುದೂ ಸೋಮವಾರ. ಬಾಯಿಮಾತಿನ ಪ್ರಚಾರ ಹಬ್ಬಲು ಒಂದು ವಾರವಾದರೂ ಬೇಕಿದ್ದ ಚಿತ್ರಗಳನ್ನು ಈ ಪಾಸು ಉಳಿಸಬಹುದಿತ್ತು. ಸಂಜೆಯ ಆಟ ಉಳಿಸಿಕೊಟ್ಟರೆ ಈಗಲೂ ಉಳಿಸಬಹುದು.

ಇದರ ಇನ್ನೊಂದು ಮುಖ ರಜೆಯ ದಿನಗಳು. ಎಲ್ಲ ದೊಡ್ಡ ಚಿತ್ರಗಳೂ ಶುಕ್ರವಾರಕ್ಕೇ ಕಾಯುವುದಿಲ್ಲ. ‘ಕೆಜಿಎಫ್ ಚಾಪ್ಟರ್ 2’ ಬಂದದ್ದು 2022ರ ಏಪ್ರಿಲ್ 14, ಗುರುವಾರ. ‘ಕಾಂತಾರ ಚಾಪ್ಟರ್ 1’ ಬಂದದ್ದು 2025ರ ಅಕ್ಟೋಬರ್ 2ರ ಗುರುವಾರ, ಗಾಂಧಿ ಜಯಂತಿ, ವಿಜಯದಶಮಿ ಎರಡೂ ಸೇರಿದ ದಿನ. ಕ್ಯಾಲೆಂಡರ್ ಪ್ರಕಾರ ಗುರುವಾರ ಪಾಸಿನ ದಿನ, ಗಲ್ಲಾಪೆಟ್ಟಿಗೆಯ ಪ್ರಕಾರ ಅದು ಭಾನುವಾರಕ್ಕಿಂತ ಮೇಲು. ಇಂಥ ದಿನಗಳನ್ನು, ಇಂಥ ಚಿತ್ರಗಳನ್ನು ಹೊರಗಿಡುವ ಹಕ್ಕನ್ನು ಯಾರು ತಮ್ಮಲ್ಲಿ ಇಟ್ಟುಕೊಂಡಿದ್ದಾರೆ ಎಂಬುದು ಯಾವುದೇ ಪಾಸಿನ ನಿಬಂಧನೆಗಳಲ್ಲಿ ಮೊದಲು ಹುಡುಕಬೇಕಾದ ಸಾಲು. ಬೆಲೆ, ಕೋಟಾ, ಷರತ್ತು ಎಲ್ಲವೂ ಆಗಾಗ ಬದಲಾಗುವಂಥವು. ಕೊಳ್ಳುವ ದಿನ ಆ್ಯಪ್‌ನಲ್ಲಿ ಏನಿದೆಯೋ ಅದೇ ಲೆಕ್ಕಕ್ಕೆ.

ಈಗ ನಿಮ್ಮ ಜೇಬಿನ ಮಾತು. 2023ರ ಬೆಲೆಯಲ್ಲಿ ಮೂರು ತಿಂಗಳಿಗೆ 699ರಂತೆ 2,097 ರೂಪಾಯಿ ಹೋಗುತ್ತಿತ್ತು. ನಿಮ್ಮೂರಿನಲ್ಲಿ ವಾರದ ದಿನದ ಟಿಕೆಟ್ 250 ಇದ್ದರೆ ತಿಂಗಳ ಮೂರನೇ ಸಿನಿಮಾಕ್ಕೇ ಅಸಲು ಬಂತು. 200 ಇದ್ದರೆ ನಾಲ್ಕು, 150 ಇದ್ದರೆ ಐದು ನೋಡಬೇಕು. ಆನ್‌ಲೈನ್ ಬುಕಿಂಗ್‌ನ ಶುಲ್ಕ ಪ್ರತಿ ಸಲ ಬೇರೆಯಾಗಿ ಬೀಳುತ್ತದೆಯೇ ಎಂದೂ ನೋಡಿ, ಬಿದ್ದರೆ ಈ ಲೆಕ್ಕ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಮಂಗಳವಾರದಂಥ ದಿನಗಳಲ್ಲಿ ಮಲ್ಟಿಪ್ಲೆಕ್ಸ್‌ಗಳೇ ಎಲ್ಲರಿಗೂ ರಿಯಾಯಿತಿ ಟಿಕೆಟ್ ಕೊಡುವುದುಂಟು. ಪಾಸು ನಡೆಯುವ ನಾಲ್ಕೇ ದಿನಗಳಲ್ಲಿ ಒಂದು ದಿನ ಟಿಕೆಟ್ ಹೇಗೂ ಅಗ್ಗ ಎಂದಾದರೆ ಪಾಸಿನ ಬೆಲೆ ಅಷ್ಟರಮಟ್ಟಿಗೆ ಇಳಿಯಿತು. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿದಾಗ ಮಲ್ಟಿಪ್ಲೆಕ್ಸ್‌ಗಳು ಕೋರ್ಟಿಗೆ ಹೋದವು, ಹೈಕೋರ್ಟ್ ಅದೇ ತಿಂಗಳು ಮಧ್ಯಂತರ ತಡೆ ಕೊಟ್ಟಿತು. ಟಿಕೆಟ್ ದುಬಾರಿಯಾಗಿದ್ದಷ್ಟೂ ಪಾಸು ಆಕರ್ಷಕವಾಗಿ ಕಾಣುತ್ತದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಟ್ಟಿಗೆ ಭಾನುವಾರ ಹೋಗುವ ಮನೆಗೆ ಇದು ಹೇಳಿಸಿದ್ದಲ್ಲ. ತರಗತಿ ಬೇಗ ಮುಗಿಯುವ ಕಾಲೇಜು ಹುಡುಗರಿಗೆ, ಪಾಳಿಯಲ್ಲಿ ಕೆಲಸ ಮಾಡುವವರಿಗೆ, ನಿವೃತ್ತರಿಗೆ, ಕನ್ನಡದ ಜೊತೆ ತೆಲುಗು, ತಮಿಳು, ಮಲಯಾಳ, ಹಿಂದಿಯನ್ನೂ ಬಿಡದೆ ನೋಡುವ ಒಂಟಿ ಪ್ರೇಕ್ಷಕರಿಗೆ ಒಳ್ಳೆಯ ವ್ಯವಹಾರವೇ. ನೀವು ಯಾವ ಗುಂಪಿನವರು ಎಂದು ತಿಳಿಯಲು ಫೋನಿನಲ್ಲಿರುವ ಹಳೆಯ ಟಿಕೆಟ್ ಮೆಸೇಜ್‌ಗಳನ್ನು ತೆರೆದು, ಕಳೆದ ಮೂರು ತಿಂಗಳಲ್ಲಿ ಸೋಮವಾರದಿಂದ ಗುರುವಾರದೊಳಗೆ ಎಷ್ಟು ಸಿನಿಮಾ ನೋಡಿದ್ದೀರಿ ಎಂದು ಎಣಿಸಿ. ಹನ್ನೆರಡಕ್ಕಿಂತ ಕಡಿಮೆ ಬಂದರೆ ಟಿಕೆಟ್ ಕೊಂಡೇ ನೋಡಿ.