ಉದ್ದ ಕೇಬಲ್ಲಿನ ಗುಂಯ್ ಸದ್ದು

ವೇದಿಕೆಯ ಕೀಬೋರ್ಡಿನಿಂದ 20 ಮೀಟರ್ ದೂರದ ಮಿಕ್ಸರಿಗೆ ಟಿಎಸ್ ಕೇಬಲ್ ಎಳೆದರೆ ಸ್ಪೀಕರಿನಲ್ಲಿ ಗುಂಯ್ ಸದ್ದು ಬರುವುದು ಸಾಮಾನ್ಯ. ಅದರಲ್ಲಿ ಸಿಗ್ನಲ್ ಒಯ್ಯುವ ತಂತಿ ಒಂದೇ. ಸುತ್ತಲಿನ ಜಾಲರಿಯೇ ವಾಪಸು ದಾರಿ. ನಡುವೆ ಸೇರಿಕೊಂಡ ಗದ್ದಲವನ್ನು ಬೇರ್ಪಡಿಸಲು ಮಿಕ್ಸರಿಗೆ ಆಗದು. ಬ್ಯಾಲೆನ್ಸ್ಡ್ ಜೋಡಣೆಯಲ್ಲಿ ತಂತಿ ಎರಡು, ಜೊತೆಗೆ ಜಾಲರಿ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ಮಿಕ್ಸರ್ ಅವುಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗದ್ದಲ ಬಹುಪಾಲು ಕಳೆದುಹೋಗುತ್ತದೆ. ಮೈಕಿಗೆ ಹಾಕುವ ಎಕ್ಸ್‌ಎಲ್‌ಆರ್, ಸ್ಟುಡಿಯೋ ಸ್ಪೀಕರಿಗೆ ಹಾಕುವ ಟಿಆರ್‌ಎಸ್ ಕೆಲಸ ಮಾಡುವುದು ಹೀಗೆ.

ಹಾಗೆಂದು ಕೀಬೋರ್ಡಿಗೆ ಟಿಆರ್‌ಎಸ್ ಚುಚ್ಚಿದರೆ ಗುಂಯ್ ನಿಲ್ಲದು: ಹೆಚ್ಚಿನ ಕೀಬೋರ್ಡುಗಳ ಔಟ್‌ಪುಟ್ಟೇ ಅನ್‌ಬ್ಯಾಲೆನ್ಸ್ಡ್. ಪಕ್ಕದಲ್ಲೇ ಡಿಐ ಬಾಕ್ಸ್ ಇಟ್ಟು, ಅಲ್ಲಿಯವರೆಗೆ ಗಿಡ್ಡ ಟಿಎಸ್, ಅಲ್ಲಿಂದ ಮಿಕ್ಸರಿಗೆ ಎಕ್ಸ್‌ಎಲ್‌ಆರ್ ಎಳೆಯಿರಿ. ಆಗಲೂ ಸದ್ದು ಉಳಿದರೆ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಕರೆಂಟ್ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಎಂದಿಗೂ ಕೀಳಬೇಡಿ, ಅದು ಪ್ರಾಣಕ್ಕೇ ಅಪಾಯ.