120 ಮಂಚ, ಆರು ಬಿಲ್: ಖರೀದಿ ಫೈಲ್‌ನಲ್ಲಿ ಆಡಿಟರ್ ಹುಡುಕುವುದೇನು?

ಕಾಸರಗೋಡು, ಮಂಗಳೂರು ಭಾಗದಲ್ಲಿ ಟ್ರಸ್ಟ್‌ಗಳು ನಡೆಸುವ ಶಾಲೆ, ಕಾಲೇಜು, ಹಾಸ್ಟೆಲ್, ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಇಲ್ಲೆಲ್ಲ ವರ್ಷಕ್ಕೆ ಲಕ್ಷಾಂತರ ರೂಪಾಯಿಯ ಸಾಮಾನು ಖರೀದಿ ಆಗುತ್ತದೆ. ವರ್ಷದ ಕೊನೆಗೆ ಆಡಿಟ್ ನಡೆದಾಗ ಬಿಲ್ ಇದೆಯೇ, ವೋಚರ್‌ಗೆ ಸಹಿ ಬಿದ್ದಿದೆಯೇ, ಮೊತ್ತ ತಾಳೆಯಾಗುತ್ತದೆಯೇ ಎಂದಷ್ಟೇ ನೋಡುವುದು ರೂಢಿ. ಆದರೆ ಬಿಲ್, ವೋಚರ್, ಮೂರು ಕೊಟೇಶನ್ ಎಲ್ಲವೂ ಸರಿಯಾಗಿದ್ದೂ ಖರೀದಿಯೇ ಮೋಸದ್ದಾಗಿರಬಹುದು. ಅದನ್ನು ಹಿಡಿಯುವುದು ಆಂತರಿಕ ಲೆಕ್ಕಪರಿಶೋಧನೆಯ ಕೆಲಸ. ಅದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಕಾಲ್ಪನಿಕ ಹಾಸ್ಟೆಲ್‌ನ ಉದಾಹರಣೆ ತೆಗೆದುಕೊಳ್ಳೋಣ.

ಈ ಹಾಸ್ಟೆಲ್‌ನ ಆಡಳಿತ ಸಮಿತಿ ಮಾಡಿಕೊಂಡ ನಿಯಮ ಸರಳ: 2 ಲಕ್ಷ ರೂಪಾಯಿವರೆಗಿನ ಖರೀದಿಗೆ ಮೂರು ಕೊಟೇಶನ್ ಸಾಕು, ಅದಕ್ಕಿಂತ ಹೆಚ್ಚಾದರೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಟೆಂಡರ್ ಕರೆಯಬೇಕು. ಹೊಸ ಕಟ್ಟಡಕ್ಕೆ 120 ಮಂಚ, 120 ಮೇಜು, 120 ಕುರ್ಚಿ ಬೇಕಾಯಿತು. ಫೈಲ್ ನೋಡಿದರೆ ಜೂನ್ 3ರಿಂದ 24ರೊಳಗೆ ಆರು ಬಿಲ್‌ಗಳು. ಪ್ರತಿ ಬಿಲ್‌ನಲ್ಲಿ 20 ಸೆಟ್, ಸೆಟ್ಟಿಗೆ 9,800 ರೂಪಾಯಿಯಂತೆ 1,96,000 ರೂಪಾಯಿ. ಆರೂ ಬಿಲ್ ಒಂದೇ ಅಂಗಡಿಯದ್ದು, ಒಟ್ಟು 11,76,000 ರೂಪಾಯಿ.

ತುಂಡು ಖರೀದಿ ಗೊತ್ತಾಗುವುದು ಹೇಗೆ?

ಒಂದೊಂದೇ ವೋಚರ್ ತಿರುವಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಪ್ರತಿಯೊಂದೂ ಮಿತಿಯೊಳಗೇ ಇದೆ. ಹಾಗಾಗಿ ಆಡಿಟರ್ ಮೊದಲು ಇಡೀ ವರ್ಷದ ಪಾವತಿಯ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಅಂಗಡಿ ಮತ್ತು ಸಾಮಾನಿನ ಪ್ರಕಾರ ವಿಂಗಡಿಸಿ, ತಾರೀಕಿನ ಕ್ರಮದಲ್ಲಿ ಜೋಡಿಸುತ್ತಾನೆ. ಆಮೇಲೆ ಮಿತಿಗೆ ಸ್ವಲ್ಪವೇ ಕೆಳಗಿರುವ ಮೊತ್ತಗಳನ್ನು ಗುರುತಿಸುತ್ತಾನೆ. 2 ಲಕ್ಷದ ಮಿತಿ ಇದ್ದಲ್ಲಿ 1,80,000ದಿಂದ 1,99,999ರ ನಡುವೆ ಬಿಲ್‌ಗಳು ಗುಂಪುಗೂಡಿದ್ದರೆ, ಮಿತಿ ದಾಟಿದ ಕೂಡಲೇ ಬಿಲ್‌ಗಳೇ ಇಲ್ಲದಿದ್ದರೆ, ಅಲ್ಲಿ ನಿಂತು ನೋಡಬೇಕು.

ಆದರೆ ಸಣ್ಣ ಬಿಲ್‌ಗಳೆಲ್ಲ ತಪ್ಪಲ್ಲ. ಹಾಸ್ಟೆಲ್‌ಗೆ ವಾರ ವಾರ ತರಕಾರಿ, ಮೀನು ಬರುತ್ತದೆ, ಅದು ತುಂಡು ಮಾಡಿದ್ದಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಮೊದಲ ಬಿಲ್ ಆಗುವ ದಿನ ಒಟ್ಟು ಎಷ್ಟು ಬೇಕು ಎಂದು ಗೊತ್ತಿತ್ತೇ? ಅದರ ಉತ್ತರ ಬಿಲ್‌ನಲ್ಲಿ ಇರುವುದಿಲ್ಲ. ಕಟ್ಟಡದ ಪ್ಲಾನ್, ಬಜೆಟ್, ವಾರ್ಡನ್ ಕೊಟ್ಟ ಬೇಡಿಕೆ ಪತ್ರ, ಸಮಿತಿಯ ಮೀಟಿಂಗ್ ಮಿನಿಟ್ಸ್‌ನಲ್ಲಿ ಇರುತ್ತದೆ. ಈ ಹಾಸ್ಟೆಲ್‌ನ ಏಪ್ರಿಲ್ ಮಿನಿಟ್ಸ್‌ನಲ್ಲೇ “120 ಮಕ್ಕಳಿಗೆ ಪೀಠೋಪಕರಣ” ಎಂದು ಬರೆದಿತ್ತು.

ವಿಚಾರಿಸಿದಾಗ ಸಾಮಾನ್ಯವಾಗಿ ಬರುವ ಉತ್ತರ, “ಒಮ್ಮೆಗೇ ಅಷ್ಟು ದುಡ್ಡಿರಲಿಲ್ಲ ಸಾರ್, ದೇಣಿಗೆ ಬಂದ ಹಾಗೆ ತಗೊಂಡದ್ದು” ಎಂಬುದು. ಇದು ನಿಜವೂ ಇರಬಹುದು. ಆದರೆ ದುಡ್ಡು ಕಂತಿನಲ್ಲಿ ಬರುವುದಿದ್ದರೂ 120 ಸೆಟ್‌ಗೆ ಒಂದೇ ಟೆಂಡರ್ ಕರೆದು ದರ ನಿಗದಿ ಮಾಡಿ, ಸಾಮಾನನ್ನು ಆರು ಸಲ ತರಿಸಿಕೊಳ್ಳಬಹುದಿತ್ತು. ಪಾವತಿ ತುಂಡಾಗುವುದು ಬೇರೆ, ಬೇಡಿಕೆಯನ್ನೇ ತುಂಡು ಮಾಡುವುದು ಬೇರೆ. ಕೇಂದ್ರ ಸರಕಾರದ ಕಚೇರಿಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳ 157ನೇ ನಿಯಮವೂ ಬಿಡ್ಡಿಂಗ್ ಅಥವಾ ಮೇಲಧಿಕಾರಿಯ ಮಂಜೂರಾತಿ ತಪ್ಪಿಸಲು ಬೇಡಿಕೆಯನ್ನು ಸಣ್ಣ ಸಣ್ಣದಾಗಿ ವಿಭಜಿಸಬಾರದು ಎಂದೇ ಹೇಳುತ್ತದೆ. ಮಿತಿಯ ಮೊತ್ತ ಕರ್ನಾಟಕದಲ್ಲಿ ಬೇರೆ, ಕೇರಳದಲ್ಲಿ ಬೇರೆ, ಖಾಸಗಿ ಟ್ರಸ್ಟ್‌ಗೆ ಅದರದೇ ನಿಯಮ. ತತ್ವ ಮಾತ್ರ ಒಂದೇ.

ಮೂರು ಕೊಟೇಶನ್, ಒಂದೇ ಕೈ

ಮುಂದಿನ ಹೆಜ್ಜೆ ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟು ಓದುವುದು. ಗೆದ್ದ ಅಂಗಡಿಯ ದರ ಮಂಚಕ್ಕೆ 6,400, ಮೇಜಿಗೆ 2,500, ಕುರ್ಚಿಗೆ 900. ಎರಡನೆಯವರದ್ದು 6,656, 2,600, 936. ಮೂರನೆಯವರದ್ದು 6,848, 2,675, 963. ಸುಮ್ಮನೆ ನೋಡಿದರೆ ಮೂರು ಬೇರೆ ದರಗಳು. ಭಾಗಿಸಿ ನೋಡಿದರೆ ಎರಡನೆಯವರು ಪ್ರತಿ ಸಾಮಾನಿಗೂ ಸರಿಯಾಗಿ ಶೇ. 4, ಮೂರನೆಯವರು ಶೇ. 7 ಹೆಚ್ಚು ಹಾಕಿದ್ದಾರೆ. ಬೇರೆ ಬೇರೆ ಕಡೆಯಿಂದ ಮರ, ಕಬ್ಬಿಣ ತರುವ ವ್ಯಾಪಾರಿಗಳಲ್ಲಿ ಒಬ್ಬನಿಗೆ ಮಂಚ ಅಗ್ಗ, ಇನ್ನೊಬ್ಬನಿಗೆ ಕುರ್ಚಿ ಅಗ್ಗ ಇರುವುದು ಸಹಜ. ಎಲ್ಲದರಲ್ಲೂ ಒಂದೇ ಅಂತರ ಇದ್ದರೆ, ಗೆಲ್ಲುವವನ ದರಪಟ್ಟಿಯನ್ನು ಹಿಡಿದು ಗುಣಿಸಿ ಸೋಲುವ ಪತ್ರಗಳನ್ನು ತಯಾರಿಸಿರುವ ಸಾಧ್ಯತೆ ದೊಡ್ಡದು.

ಪತ್ರದ ಮೇಲಿನ ಜಿಎಸ್‌ಟಿ ಸಂಖ್ಯೆಯೂ ಮಾತಾಡುತ್ತದೆ. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29, ಕೇರಳಕ್ಕೆ 32. ಮೂರರಿಂದ ಹನ್ನೆರಡನೆಯವರೆಗಿನ ಹತ್ತು ಅಕ್ಷರ ಮಾಲೀಕನ ಪ್ಯಾನ್. ಮಂಗಳೂರಿನ ಅಂಗಡಿ ಮತ್ತು ಕಾಸರಗೋಡಿನ ಅಂಗಡಿ ಎಂದು ಎರಡು ಹೆಸರಿದ್ದು ನಡುವಿನ ಹತ್ತು ಅಕ್ಷರ ಒಂದೇ ಆಗಿದ್ದರೆ, ಎರಡೂ ಒಬ್ಬನದ್ದೇ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಈ ಸಂಖ್ಯೆ ಹಾಕಿದರೆ ಮಾಲೀಕರ ಹೆಸರು, ನೋಂದಣಿಯ ದಿನ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಯಾರಿಗೂ ಸಿಗುತ್ತದೆ. ಇದರ ಜೊತೆ ಮೂರೂ ಪತ್ರದಲ್ಲಿ ಒಂದೇ ಕಾಗುಣಿತ ತಪ್ಪು, ಒಂದೇ ಫೋನ್ ನಂಬರ್, ಪಿಡಿಎಫ್ ಫೈಲ್‌ನ Author ಜಾಗದಲ್ಲಿ ಒಂದೇ ಹೆಸರು, ಠೇವಣಿಗೆ ಒಂದೇ ಬ್ಯಾಂಕಿನ ಸಾಲು ಸಂಖ್ಯೆಯ ಡಿಡಿ ಇದೆಯೇ ಎಂದು ನೋಡಬೇಕು.

ಗೇಟಿನ ರಿಜಿಸ್ಟರ್ ಹೇಳಿದ ಕತೆ

ದೊಡ್ಡ ಕಂಪನಿಗಳೂ ಇಂಥ ಸಣ್ಣ ಗುರುತುಗಳಿಂದಲೇ ಸಿಕ್ಕಿಬಿದ್ದಿವೆ. ಗೋದಾಮಿನಲ್ಲಿ ಧಾನ್ಯಕ್ಕೆ ಹುಳ ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆದಾಗ ಎಕ್ಸೆಲ್ ಕ್ರಾಪ್ ಕೇರ್, ಯುನೈಟೆಡ್ ಫಾಸ್ಫರಸ್, ಸಂಧ್ಯಾ ಆರ್ಗ್ಯಾನಿಕ್ ಎಂಬ ಮೂರು ಕಂಪನಿಗಳೂ ಕಿಲೋಗೆ 388 ರೂಪಾಯಿ ಎಂದೇ ಬರೆದಿದ್ದವು. ನಿಗಮ ದೂರು ಕೊಟ್ಟಿತು. ತನಿಖೆಯಲ್ಲಿ ನಿಗಮದ ಕಚೇರಿಯ ಸಂದರ್ಶಕರ ರಿಜಿಸ್ಟರ್ ಕೂಡ ಸಾಕ್ಷಿಯಾಯಿತು. 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ತಪ್ಪನ್ನು ಎತ್ತಿಹಿಡಿದು, ದಂಡವನ್ನು ಮಾತ್ರ ಆ ಸಾಮಾನಿನ ವಹಿವಾಟಿನ ಮೇಲಷ್ಟೇ ಲೆಕ್ಕ ಹಾಕಬೇಕು ಎಂದಿತು. ಬೇರೆ ಬೇರೆ ಉತ್ಪಾದನಾ ವೆಚ್ಚ ಇರುವವರು ಒಂದೇ ದರಕ್ಕೆ ಬಂದದ್ದು ಹೇಗೆ ಎಂಬುದಕ್ಕೆ ಕಂಪನಿಗಳಲ್ಲಿ ಒಪ್ಪುವಂಥ ಉತ್ತರ ಇರಲಿಲ್ಲ.

ಒಂದೇ ದರ ಒಂದೇ ಸಾಕ್ಷಿ ಅಲ್ಲ ಎಂಬುದೂ ಇಲ್ಲಿ ಗಮನಿಸಬೇಕಾದದ್ದು. ಸಿಮೆಂಟ್, ಗ್ಯಾಸ್‌ನಂಥ ಸಾಮಾನಿಗೆ ಊರಿನ ಅಂಗಡಿಗಳಲ್ಲೆಲ್ಲ ಒಂದೇ ದರ ಇರಬಹುದು. ಹಲವು ಗುರುತು ಒಟ್ಟು ಸೇರಿದಾಗಲೇ ಸಂಶಯ ಗಟ್ಟಿಯಾಗುತ್ತದೆ.

ವರದಿಯಲ್ಲಿ ಏನು ಬರೆಯಬೇಕು?

ಆಡಿಟರ್ ಪೊಲೀಸ್ ಅಲ್ಲ. “ಇಂಥವರು ಕಮಿಷನ್ ತಿಂದಿದ್ದಾರೆ” ಎಂದು ಅವನು ಬರೆಯುವ ಹಾಗಿಲ್ಲ. ಕಂಡದ್ದನ್ನು ಬರೆಯಬೇಕು: ಬೇಡಿಕೆ ಏಪ್ರಿಲ್‌ನಲ್ಲೇ ಗೊತ್ತಿತ್ತು, ಆರು ಬಿಲ್ ಆಯಿತು, ಟೆಂಡರ್ ಕರೆಯಲಿಲ್ಲ, ಕೊಟೇಶನ್‌ಗಳ ಅಂತರ ಶೇ. 4 ಮತ್ತು 7. ನಷ್ಟದ ಅಂದಾಜು ಬೇಕಿದ್ದರೆ ಅದೇ ಅಳತೆ, ಅದೇ ಗುಣಮಟ್ಟದ ಸಾಮಾನಿಗೆ ಸಂಬಂಧವಿಲ್ಲದ ಅಂಗಡಿಯಿಂದ ಅದೇ ತಿಂಗಳ ದರ ಕೇಳಬೇಕು. ಆ ದರ ಸೆಟ್ಟಿಗೆ 8,600 ಬಂದರೆ ವ್ಯತ್ಯಾಸ 1,200, ಅಂದರೆ 120 ಸೆಟ್‌ಗೆ 1,44,000 ರೂಪಾಯಿ.

ಇದರ ಮೊದಲು ಮೂಲ ಕೊಟೇಶನ್, ಲಕೋಟೆ, ಇಮೇಲ್ ಎಲ್ಲವನ್ನೂ ಫೈಲ್‌ನಿಂದ ತೆಗೆದು ಜೋಪಾನ ಮಾಡಬೇಕು, ಪ್ರಶ್ನೆ ಕೇಳುವುದು ಆಮೇಲೆ. ವರದಿ ಹೋಗಬೇಕಾದದ್ದು ಖರೀದಿ ಮಾಡಿದವರ ಕೈಗಲ್ಲ, ನೇರ ಆಡಳಿತ ಸಮಿತಿಗೆ. ಕೊಟೇಶನ್ ತರಿಸುವವನು, ಅದನ್ನು ತೆರೆಯುವವನು, ಸಾಮಾನು ಎಣಿಸಿ ತಗೊಳ್ಳುವವನು ಮೂವರೂ ಒಬ್ಬನೇ ಆಗಿದ್ದರೆ ವರದಿಯ ಮೊದಲ ಸಾಲಿನಲ್ಲೇ ಅದು ಬರಬೇಕು. ಏಕೆಂದರೆ ಮುಂದಿನ ವರ್ಷವೂ ಆರು ಬಿಲ್ ಬರುವುದು ಆ ಒಂದೇ ಬಾಗಿಲಿನಿಂದ.